‘ಸರಿಯಾಗಿ ಹೇಳಿ’ ಅನ್ನುವ ಮುಂಚೆ

‘ದುಡ್ಡು ಬರ್ಲಿಲ್ಲ ಸಾರ್.’

ಬ್ಯಾಂಕಿನ ಸಹಾಯವಾಣಿಯಲ್ಲಿ, ಶಾಖೆಯ ಕೌಂಟರಿನಲ್ಲಿ ದಿನವೂ ಕೇಳಿಬರುವ ದೂರು ಇದು. ಮಾತು ಚಿಕ್ಕದು, ಆದರೆ ಅದರ ಹಿಂದೆ ನಡೆದದ್ದು ಏನು ಎಂಬುದು ಕೇಳಿದ ಕೂಡಲೇ ತಿಳಿಯುವುದಿಲ್ಲ. ಮಗಳು ಬೆಂಗಳೂರಿನಿಂದ ಯುಪಿಐ ಮಾಡಿದ ಹಣ ಅವಳ ಖಾತೆಯಲ್ಲಿ ಕಡಿತವಾಗಿ ತಾಯಿಯ ಖಾತೆಗೆ ಸೇರದೆ ಇರಬಹುದು. ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ ಸಾಮಾನು ಒಯ್ದ ಮೇಲೂ ಅಂಗಡಿಯ ಸೌಂಡ್‌ಬಾಕ್ಸ್ ಕೂಗದೆ ಇರಬಹುದು. ಎಟಿಎಂನಿಂದ ನೋಟು ಹೊರಬಾರದೆ ಖಾತೆಯಲ್ಲಿ ಮಾತ್ರ ಕಡಿಮೆಯಾಗಿರಬಹುದು. ತಪ್ಪು ನಂಬರಿಗೆ ಹೋದ ಹಣವನ್ನು ಆ ಮನುಷ್ಯ ವಾಪಸು ಕೊಡದೆ ಇರಬಹುದು. ಅಥವಾ ‘ಇದನ್ನು ಸ್ಕ್ಯಾನ್ ಮಾಡಿ, ನಿಮಗೆ ದುಡ್ಡು ಬರುತ್ತೆ’ ಎಂದು ನಂಬಿಸಿ ಯಾರೋ ಖಾತೆಯನ್ನೇ ಬರಿದು ಮಾಡಿರಬಹುದು. ಐದಕ್ಕೂ ಬಾಯಿಗೆ ಬರುವ ಮಾತು ಒಂದೇ.

ಮಾತು ಒಂದೇ ಆದರೂ ಮುಂದಿನ ದಾರಿ ಒಂದೇ ಅಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಯುಪಿಐ ಹಣ ಸೇರದೇ ಹೋದರೆ ಮರುದಿನದ ಒಳಗೆ ತಾನಾಗಿ ವಾಪಸಾಗಬೇಕು. ಅಂಗಡಿಗೆ ಕಟ್ಟಿದ್ದಾದರೆ, ಎಟಿಎಂನಲ್ಲಿ ಸಿಕ್ಕಿಕೊಂಡದ್ದಾದರೆ ಐದು ದಿನದ ಗಡುವು. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ. ಇವುಗಳಲ್ಲಿ ಮೊದಲ ಬಗೆಯ ದೂರು ತಂದವರಿಗೆ ‘ನಾಳೆಯ ತನಕ ನೋಡಿ’ ಎನ್ನುವುದು ನಿಜಕ್ಕೂ ಸರಿಯಾದ ಉತ್ತರ. ಆದರೆ ವಂಚನೆಯಾಗಿದ್ದರೆ ಅದೇ ಉತ್ತರ ಅನಾಹುತ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಹಳ ಬೇಗ ಓಡುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಹೋಗಿ, ಆ ಖಾತೆಗಳಲ್ಲಿ ಉಳಿದದ್ದನ್ನು ತಡೆಹಿಡಿಯಬೇಕಾದದ್ದು ಆಗಲೇ.

ಆದ್ದರಿಂದ ಫೋನೆತ್ತಿದವರು ಮರುಪ್ರಶ್ನೆ ಕೇಳಲೇಬೇಕು. ಆ ಪ್ರಶ್ನೆಯ ಧಾಟಿ ಸೌಜನ್ಯದ ವಿಷಯ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದು ಹಾಗಲ್ಲ. ತನ್ನ ಮೇಲೆ ತಪ್ಪು ಹೊರಿಸುತ್ತಿದ್ದಾರೆ ಎನ್ನಿಸಿದ ಕ್ಷಣ ಮನುಷ್ಯ ಮಾಹಿತಿಯನ್ನು ಬಚ್ಚಿಡತೊಡಗುತ್ತಾನೆ. ಯಾವ ಸಂಗತಿ ತಿಳಿದರೆ ಹಣ ಉಳಿಯುತ್ತದೋ ಬಚ್ಚಿಡುವುದು ಹೆಚ್ಚಾಗಿ ಅದನ್ನೇ. ಹಾಗಾಗಿ ಪ್ರಶ್ನೆಯನ್ನು ಮೃದುವಾಗಿ ಕಟ್ಟುವುದನ್ನು ನಾನು ವಿಚಾರಣೆಯ ಕೌಶಲ ಎಂದೇ ಕರೆಯುತ್ತೇನೆ.

ಒಂದು ಕರೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಇದು ನಿರ್ದಿಷ್ಟ ವ್ಯಕ್ತಿಯ ಕಥೆಯಲ್ಲ. ಇಂಥ ವಂಚನೆಗಳು ನಡೆಯುವ ಸಾಮಾನ್ಯ ಕ್ರಮವನ್ನು ಇಟ್ಟುಕೊಂಡು ಕಟ್ಟಿದ ಉದಾಹರಣೆ. ಐವತ್ತು ದಾಟಿದ ಹೆಂಗಸು. ಮನೆಯ ಹಳೆಯ ಹೊಲಿಗೆ ಯಂತ್ರವನ್ನು ಮಾರಲು ಮಗ ಅದರ ಫೋಟೊವನ್ನು ಆನ್‌ಲೈನಿನಲ್ಲಿ ಹಾಕಿದ್ದಾನೆ. ಕೊಳ್ಳುತ್ತೇನೆಂದು ಒಬ್ಬ ಫೋನ್ ಮಾಡಿ, ಚೌಕಾಸಿಯೂ ಮಾಡದೆ ನಾಲ್ಕೂವರೆ ಸಾವಿರಕ್ಕೆ ಒಪ್ಪಿ, ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕಳಿಸಿದ್ದಾನೆ. ಆಕೆ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ದಾರೆ. ಹಣ ಬರುವ ಬದಲು ಹೋಗಿದೆ. ‘ಅಯ್ಯೋ ಉಲ್ಟಾ ಆಯ್ತು, ಇನ್ನೊಂದು ಸಲ ಸ್ಕ್ಯಾನ್ ಮಾಡಿ, ಎರಡೂ ಸೇರಿ ಬರುತ್ತೆ’ ಎಂದಿದ್ದಾನೆ ಅವನು. ಮೊದಲ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲವಾದ್ದರಿಂದ ಅದೇ ಆ್ಯಪ್‌ಗೆ ಜೋಡಿಸಿದ್ದ ಬೇರೆ ಬ್ಯಾಂಕಿನ ಖಾತೆಯಿಂದ ಒಂಬತ್ತು ಸಾವಿರ ಹೋಗಿದೆ. ಈಗ ಆಕೆ ಮೊದಲ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದ್ದಾರೆ.

ಮೊದಲು ಕೆಟ್ಟ ರೀತಿ ನೋಡೋಣ.

‘ದುಡ್ಡು ಬರ್ಲಿಲ್ಲ ಕಣಪ್ಪ.’

‘ಯಾವ ದುಡ್ಡು? ಸರಿಯಾಗಿ ಹೇಳಿ ಮೇಡಂ.’

‘ಹೊಲಿಗೆ ಮಷೀನಿಂದು. ಅವ್ರು ಕಳಿಸ್ದೆ ಅಂತಾರೆ.’

‘ಇಲ್ಲಿ ನಿಮ್ಮ ಅಕೌಂಟಿಂದಾನೇ ಹೋಗಿದೆಯಲ್ಲ. ಕಳಿಸಿದ್ದು ನೀವಾ, ಅವರಾ?’

‘ಅವರೇ... ಅವರೇ ಕಳಿಸ್ತೀನಿ ಅಂದಿದ್ದು.’

‘ಮತ್ತೆ ಹೋಗಿದೆ ಅಂತ ತೋರಿಸ್ತಿದೆಯಲ್ಲ. ನೀವು ಪಿನ್ ಹಾಕಿದ್ರಾ?’

‘ಇಲ್ಲ.’

‘ಯಾರಿಗಾದ್ರೂ ಒಟಿಪಿ ಹೇಳಿದ್ರಾ?’

‘ಇಲ್ಲಪ್ಪ, ಯಾರಿಗೂ ಹೇಳಿಲ್ಲ.’

‘ಹಾಗಿದ್ರೆ ಕಂಪ್ಲೇಂಟ್ ಹಾಕಿರ್ತೀನಿ, ಎರಡು ದಿನ ನೋಡಿ.’

ಈ ಸಿಬ್ಬಂದಿ ಬೈದಿಲ್ಲ, ದನಿ ಎತ್ತರಿಸಿಲ್ಲ, ಬಹುವಚನ ಬಿಟ್ಟಿಲ್ಲ, ‘ಮೇಡಂ’ ಎಂದೂ ಅಂದಿದ್ದಾರೆ. ಆದರೂ ನಾಲ್ಕನೇ ಪ್ರಶ್ನೆ ಬರುವ ಹೊತ್ತಿಗೆ ಆಕೆ ಸುಳ್ಳು ಹೇಳಿಯಾಗಿದೆ. ಪಿನ್ ಹಾಕಿದ್ದೀರಾ ಎಂಬ ಪ್ರಶ್ನೆಗೆ ಹೌದು ಎಂದರೆ ದಡ್ಡಿ ಎನಿಸಿಕೊಳ್ಳಬೇಕು, ಇಲ್ಲ ಎಂದರೆ ಕಾಯಬೇಕು. ಆಕೆ ಕಾಯುವುದನ್ನು ಆರಿಸಿಕೊಂಡರು. ಒಂಬತ್ತು ಸಾವಿರದ ಮಾತು ಬಾಯಿಗೇ ಬರಲಿಲ್ಲ, ಏಕೆಂದರೆ ಅದು ಇನ್ನೂ ದೊಡ್ಡ ದಡ್ಡತನದಂತೆ ಅವರಿಗೆ ಕಾಣುತ್ತಿತ್ತು.

ಈಗ ಅದೇ ಕರೆ, ಬೇರೆ ಪ್ರಶ್ನೆಗಳು. ಗುರುತು ಖಚಿತಪಡಿಸಿಕೊಳ್ಳುವ ಭಾಗ ಮುಗಿದಿದೆ ಎಂದಿಟ್ಟುಕೊಳ್ಳಿ.

‘ದುಡ್ಡು ಬರ್ಲಿಲ್ಲ ಅಂದ್ರಿ ಅಮ್ಮ. ಎಷ್ಟು ದುಡ್ಡು, ಯಾವುದರ ಬಾಬ್ತು ಬರಬೇಕಿತ್ತು? ಅದು ಗೊತ್ತಾದ್ರೆ ನಾನು ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತೆ.’

‘ಹೊಲಿಗೆ ಮಷೀನ್ ಮಾರಿದ್ದೆ. ನಾಲ್ಕೂವರೆ ಸಾವಿರ. ಅವ್ರು ಕಳಿಸ್ದೆ ಅಂತಾರೆ.’

‘ಸರಿ. ನಿಮ್ಮ ಖಾತೆ ನನ್ನ ಮುಂದೆ ಇದೆ. ಬೆಳಿಗ್ಗೆ 11.20ಕ್ಕೆ ನಾಲ್ಕೂವರೆ ಸಾವಿರ ಇಲ್ಲಿಂದ ಹೊರಗೆ ಹೋದ ಹಾಗೆ ಕಾಣ್ತಿದೆ. ಆ ಹೊತ್ತಿಗೆ ನಿಮ್ಮ ಫೋನಿನಲ್ಲಿ ಏನೇನು ಬಂತು, ನೆನಪಿದ್ದಷ್ಟು ಹೇಳಿ.’

‘ಒಂದು ಕಪ್ಪು ಚೌಕ ಕಳಿಸಿದ್ರು. ಸ್ಕ್ಯಾನ್ ಮಾಡಿ ಅಂದ್ರು.’

‘ಸ್ಕ್ಯಾನ್ ಆದ ಮೇಲೆ ಅವರು ಏನು ಮಾಡೋಕೆ ಹೇಳಿದ್ರು?’

‘...ನಂಬರ್ ಒತ್ತಿ ಅಂದ್ರು. ದುಡ್ಡು ಬರೋಕೆ ಅದು ಬೇಕಂತೆ.’

‘ಹೀಗೆ ಹೇಳಿ ನಂಬಿಸೋರು ಬಹಳ ಇದ್ದಾರೆ ಅಮ್ಮ. ಆ ನಂಬರ್ ಯಾವುದು ಅಂತ ನನಗೂ ಹೇಳ್ಬೇಡಿ. ಅವರು ಅದನ್ನ ಒಂದೇ ಸಲ ಒತ್ತಿ ಅಂದ್ರಾ, ಇನ್ನೂ ಒಂದ್ಸಲ ಒತ್ತಿಸಿದ್ರಾ?’

‘ಇನ್ನೊಂದ್ಸಲ. ಅದು ನಮ್ಮ ಯಜಮಾನರ ಬ್ಯಾಂಕಿಂದು. ಒಂಬತ್ತು ಸಾವಿರ.’

ಕೊನೆಯ ಉತ್ತರಕ್ಕಾಗಿಯೇ ಇಷ್ಟೂ ಪ್ರಶ್ನೆ ಕೇಳಿದ್ದು. ಆ ಒಂಬತ್ತು ಸಾವಿರ ಈ ಬ್ಯಾಂಕಿನ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಆಕೆಯ ಬಾಯಿಂದಲೇ ಬರಬೇಕು.

ಎರಡು ಕರೆಗಳ ನಡುವೆ ಬದಲಾದದ್ದು ಏನೆಂದು ನಿಧಾನವಾಗಿ ನೋಡಬೇಕು. ಮೊದಲನೆಯದು, ಪ್ರಶ್ನೆಯ ಕರ್ತೃ. ‘ನೀವು ಪಿನ್ ಹಾಕಿದ್ರಾ’ ಎಂಬಲ್ಲಿ ಮಾಡಿದವರು ಆಕೆ. ‘ಅವರು ಏನು ಮಾಡೋಕೆ ಹೇಳಿದ್ರು’ ಎಂಬಲ್ಲಿ ಮಾಡಿಸಿದವನು ಅವನು. ಎರಡರಿಂದಲೂ ತಿಳಿಯುವ ಸಂಗತಿ ಒಂದೇ, ಆದರೆ ಎರಡನೆಯದಕ್ಕೆ ಉತ್ತರಿಸುವಾಗ ಆಕೆ ಆರೋಪಿಯಾಗಿರುವುದಿಲ್ಲ, ಸಾಕ್ಷಿಯಾಗಿರುತ್ತಾರೆ. ನಡೆದದ್ದನ್ನು ಮಾಡಿದವರ ಹೆಸರಿಲ್ಲದೆ ಹೇಳಲು ಕನ್ನಡದಲ್ಲಿ ಬೇಕಾದಷ್ಟು ದಾರಿ ಇದೆ. ‘ಎಲ್ಲಿಗೆ ಕಳಿಸಿದ್ರಿ’ ಎನ್ನುವ ಬದಲು ‘ಎಲ್ಲಿಗೆ ಹೋಗಿದೆ’, ‘ಯಾವ ನಂಬರ್ ಹಾಕಿದ್ರಿ’ ಎನ್ನುವ ಬದಲು ‘ಪರದೆ ಮೇಲೆ ಯಾವ ಹೆಸರು ಬಂತು’. ಮನೆಯಲ್ಲಿ ಲೋಟ ಒಡೆದಾಗ ಒಡೆದೆಯಾ ಎಂದು ಕೇಳುವುದಕ್ಕೂ ಒಡೀತಾ ಎಂದು ಕೇಳುವುದಕ್ಕೂ ಇರುವ ಅಂತರ ಎಲ್ಲ ಮಕ್ಕಳಿಗೂ ಗೊತ್ತು. ಕೌಂಟರಿನ ಹಿಂದೆ ಕೂತಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ.

ಇಲ್ಲಿ ಒಂದು ಎಚ್ಚರ ಬೇಕು. ‘ಅಕಸ್ಮಾತ್ ಒತ್ತಿಹೋಯ್ತಾ’ ಎಂದು ಕೇಳಿದರೂ ಮೃದುವಾಗಿಯೇ ಕೇಳಿಸುತ್ತದೆ. ಆದರೆ ಅದು ನೆಪವೊಂದನ್ನು ಕೈಗೆ ಕೊಟ್ಟಂತೆ. ‘ಹೂಂ, ಅಕಸ್ಮಾತ್’ ಎಂದು ಆಕೆ ಒಪ್ಪಿದರೆ ವಂಚಕನ ಸುದ್ದಿಯೇ ಮಾಯವಾಗುತ್ತದೆ. ಮೃದುವಾಗಿ ಕೇಳುವುದು ಬೇರೆ, ಉತ್ತರ ಹೇಳಿಕೊಡುವುದು ಬೇರೆ.

ಎರಡನೆಯದು, ಕೇಳುವ ಕಾರಣ. ‘ಅದು ಗೊತ್ತಾದ್ರೆ ನಾನು ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತೆ’ ಎಂಬ ಒಂದು ವಾಕ್ಯ ಬಹಳ ಕೆಲಸ ಮಾಡುತ್ತದೆ. ಕಾರಣ ಹೇಳದೆ ಕೇಳಿದ ಪ್ರಶ್ನೆಗೆ ಕೇಳಿಸಿಕೊಂಡವರು ತಾವೇ ಕಾರಣ ಹುಡುಕಿಕೊಳ್ಳುತ್ತಾರೆ, ಮತ್ತು ಹೆದರಿದ ಮನಸ್ಸಿಗೆ ಸಿಗುವ ಮೊದಲ ಕಾರಣ ‘ನನ್ನ ಮೇಲೆ ಅನುಮಾನ’ ಎಂಬುದು. ಅಸ್ಪಷ್ಟತೆ ಎಲ್ಲಿದೆ ಎಂಬುದನ್ನೂ ಆ ವಾಕ್ಯ ತೀರ್ಮಾನಿಸುತ್ತದೆ: ಹುಡುಕಬೇಕಾದವನು ನಾನು, ದಾರಿ ಗೊತ್ತಿಲ್ಲದವನೂ ನಾನೇ. ‘ನೀವು ಹೇಳಿದ್ದು ಅರ್ಥವಾಗ್ತಿಲ್ಲ’ ಎನ್ನುವುದರಲ್ಲಿ ಹೇಳಿದವರ ದೋಷದ ಸೂಚನೆಯಿದೆ. ‘ನನಗೆ ಒಂದು ವಿಷಯ ಇನ್ನೂ ತಿಳೀಲಿಲ್ಲ’ ಎನ್ನುವುದರಲ್ಲಿ ಇಲ್ಲ. ಎರಡನೆಯದು ಬರೀ ನಯದ ಮಾತಲ್ಲ, ಸತ್ಯವೂ ಹೌದು. ಆಕೆಗೆ ತನಗೆ ಆದದ್ದು ಚೆನ್ನಾಗಿ ಗೊತ್ತಿದೆ. ಬ್ಯಾಂಕಿನ ವಿಂಗಡಣೆ ಗೊತ್ತಿಲ್ಲ, ಅಷ್ಟೆ. ಆಕೆ ಅದನ್ನು ತಿಳಿದಿರಬೇಕು ಎಂದು ನಿರೀಕ್ಷಿಸುವುದೂ ತಪ್ಪು.

ಮೂರನೆಯದು, ಪರದೆಯ ಮೇಲೆ ಇರುವುದನ್ನು ಕೇಳದೇ ಇರುವುದು. ಯುಪಿಐ ವಹಿವಾಟಿಗೆ 12 ಅಂಕಿಯ ಉಲ್ಲೇಖ ಸಂಖ್ಯೆಯೊಂದು ಇರುತ್ತದೆ. ದೂರು ಹುಡುಕಲು ಅದು ಬೇಕು, ನಿಜ. ಆದರೆ ಖಾತೆ ಮುಂದೆ ತೆರೆದಿರುವಾಗ ಸಮಯ ಮತ್ತು ಮೊತ್ತ ಸಾಕು, ಸಂಖ್ಯೆ ಅಲ್ಲೇ ಸಿಗುತ್ತದೆ. ‘ಉಲ್ಲೇಖ ಸಂಖ್ಯೆ ಹೇಳಿ’ ಎಂದು ಕನ್ನಡಕ ಹುಡುಕುತ್ತಿರುವವರನ್ನು ತಡಕಾಡಿಸಿ, ಆಮೇಲೆ ‘ಅದಲ್ಲ ಮೇಡಂ, ಇನ್ನೊಂದು’ ಎನ್ನುವುದು ಅನಗತ್ಯವಾದ ಅವಮಾನ. ಸಂಖ್ಯೆ ಬೇಕೇ ಬೇಕಾದರೆ ಎಲ್ಲಿ ನೋಡಬೇಕೆಂದು ಮೊದಲು ಹೇಳಿ, ಎಷ್ಟು ಅಂಕಿ ಎಂದು ಹೇಳಿ, ಆಮೇಲೆ ಕಾಯಬೇಕು. ‘ನಿಧಾನವಾಗಿ ನೋಡಿ, ನಾನು ಲೈನಲ್ಲೇ ಇರ್ತೀನಿ’ ಎಂಬ ಮಾತಿಗೆ ಮೂರು ಸೆಕೆಂಡು ಸಾಕು.

ನಾಲ್ಕನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿದ್ದೇನೆ. ‘ಯಾಕೆ’ ಎಂಬ ಪ್ರಶ್ನೆ ಮೊದಲ ಕರೆಯಲ್ಲಿ ಪದವಾಗಿ ಬರದಿದ್ದರೂ ದನಿಯಲ್ಲಿತ್ತು, ಎರಡನೇ ಕರೆಯಲ್ಲಿ ಒಮ್ಮೆಯೂ ಬಂದಿಲ್ಲ. ಸಹಾಯ ಕೇಳಿ ಬಂದವರಿಗೆ ಈ ಪದ ಎಷ್ಟು ಭಾರ ಎಂಬುದನ್ನು ಮೊದಲು ವಿವರವಾಗಿ ಯೋಚಿಸಿದವರಲ್ಲಿ ಗ್ರಂಥಪಾಲಕರು ಇದ್ದಾರೆ. ಓದುಗ ಬಂದು ‘ವೈದ್ಯಕೀಯ ಪುಸ್ತಕ ಎಲ್ಲಿವೆ’ ಎಂದು ಕೇಳುತ್ತಾನೆ. ಅವನಿಗೆ ನಿಜವಾಗಿ ಬೇಕಾದದ್ದು ತಾಯಿಗೆ ಕೊಟ್ಟ ಒಂದು ಮಾತ್ರೆಯ ಅಡ್ಡಪರಿಣಾಮ. ‘ಯಾಕೆ ಬೇಕು’ ಎಂದರೆ ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಬ್ರೆಂಡಾ ಡರ್ವಿನ್ ಮತ್ತು ಪೆಟ್ರೀಶಿಯಾ ಡ್ಯೂಡ್ನಿ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಬರೆದ ಲೇಖನದಲ್ಲಿ ಇದಕ್ಕೊಂದು ಕ್ರಮ ಸೂಚಿಸಿದರು. ಮೂರು ವಿಷಯಗಳನ್ನು ಮಾತ್ರ ಕೇಳಿ: ಅವರು ಈಗ ಯಾವ ಪರಿಸ್ಥಿತಿಯಲ್ಲಿದ್ದಾರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಉತ್ತರ ಸಿಕ್ಕರೆ ಅದರಿಂದ ಏನು ಮಾಡಬೇಕೆಂದಿದ್ದಾರೆ. ಇದರಲ್ಲಿ ಉದ್ದೇಶವೂ ತಿಳಿಯುತ್ತದೆ, ಆದರೆ ಸಮರ್ಥಿಸಿಕೊಳ್ಳಿ ಎಂದು ಕೇಳಿದಂತೆ ಆಗುವುದಿಲ್ಲ. ಹೊಲಿಗೆ ಯಂತ್ರದ ಕರೆಗೆ ಇದನ್ನು ಹಾಗೆಯೇ ಹೊಂದಿಸಬಹುದು. ಏನಾಗುತ್ತಿತ್ತು, ಎಲ್ಲಿಗೆ ಬಂದು ನಿಂತಿತು, ಈಗ ಏನಾಗಬೇಕು.

‘ಅವನು ಹೇಳಿದ ಅಂತ ಯಾಕೆ ಪಿನ್ ಒತ್ತಿದ್ರಿ?’ ಎಂಬ ಪ್ರಶ್ನೆಯಿಂದ ದೂರಿನ ಪರಿಹಾರಕ್ಕೆ ಒಂದು ಎಳೆಯಷ್ಟೂ ಉಪಯೋಗವಿಲ್ಲ. ಹಣ ಪಡೆಯಲು ಪಿನ್ ಬೇಡ, ಕೊಡುವಾಗ ಮಾತ್ರ ಬೇಕು ಎಂಬುದು ಆಕೆಗೆ ಗೊತ್ತಿರಬೇಕಿತ್ತು, ಹೌದು. ಅದನ್ನು ತಿಳಿಸುವುದಕ್ಕೆ ಕರೆಯ ಕೊನೆ ಇದೆ, 1930ರ ದೂರು ದಾಖಲಾದ ಮೇಲೆ ಸಮಯ ಇದೆ. ಹಣ ಓಡುತ್ತಿರುವಾಗ ಪಾಠ ಹೇಳುವುದರಿಂದ ಪಾಠವೂ ತಲೆಗೆ ಹೋಗುವುದಿಲ್ಲ.

ಇನ್ನು ಇದರಲ್ಲಿ ನಯವಾದ ಮಾತಿನಿಂದ ಮಾತ್ರ ಬಗೆಹರಿಯದ ಕಷ್ಟವೊಂದಿದೆ, ಅದನ್ನು ಮರೆಮಾಚಬಾರದು. ಗ್ರಾಹಕರ ಹೊಣೆಗಾರಿಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಾಸ್‌ವರ್ಡ್ ಮುಂತಾದ ಗುಟ್ಟನ್ನು ಬಿಟ್ಟುಕೊಟ್ಟಂಥ ಅಜಾಗರೂಕತೆಯಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ಅಂದರೆ ‘ಇಲ್ಲ’ ಎಂದು ಹೇಳಲು ಆಕೆಗೆ ನಾಚಿಕೆಯ ಜೊತೆಗೆ ಹಣದ ಕಾರಣವೂ ಇದೆ. ಆಕೆ ಸುಳ್ಳು ಹೇಳಿದ್ದು ಕೆಟ್ಟವರಾಗಿ ಅಲ್ಲ. ‘ಏನೂ ಆಗಲ್ಲ, ಹೇಳಿ’ ಎಂದು ಸಮಾಧಾನ ಮಾಡಿ ಬಾಯಿ ಬಿಡಿಸಿ, ಆಮೇಲೆ ನಿಯಮ ತೋರಿಸುವುದು ಮೋಸ. ನಯವಾದ ಮಾತನ್ನು ಬಲೆಯಾಗಿ ಬಳಸಿದರೆ ಆ ಕುಟುಂಬ ಮುಂದಿನ ಸಲ ಫೋನ್ ಮಾಡುವುದೇ ಇಲ್ಲ.

ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ: ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ನಿಜ ಹೇಳಲು ಆಕೆಗೆ ಇರುವ ಪ್ರಾಮಾಣಿಕ ಕಾರಣ ಇದೇ. ಹಾಗಾಗಿ ಹೇಳಬೇಕಾದ ಮಾತು ಹೀಗಿರಬಹುದು: ‘ಅಮ್ಮ, ಹೋಗಿರೋ ದುಡ್ಡು ವಾಪಸ್ ಬರುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಆದ್ರೆ ನೀವು ಈಗ ಹೇಳಿದ್ರೆ ಇನ್ನು ಮುಂದೆ ಹೋಗೋದನ್ನ ಈ ಕ್ಷಣವೇ ನಿಲ್ಲಿಸಬಹುದು. ಅವರು ಏನೇನು ಮಾಡಿಸಿದ್ರು, ಒಂದೊಂದಾಗಿ ಹೇಳಿ.’ ಯಾವ ಸುಳ್ಳು ಭರವಸೆಯೂ ಇದರಲ್ಲಿಲ್ಲ. ಕೇಳುವ ಕಾರಣ ಇದೆ. ಮಾಡಿಸಿದವನ ಕಡೆಗೆ ಬೆರಳು ಇದೆ.

‘ಹೀಗೆ ಹೇಳಿ ನಂಬಿಸೋರು ಬಹಳ ಇದ್ದಾರೆ’ ಎಂಬ ಮಾತನ್ನೂ ಗಮನಿಸಿ. ನಾಚಿಕೆ ಇರುವ ಕಡೆಯಲ್ಲೆಲ್ಲ ಪ್ರಶ್ನೆಗೆ ಮುಂಚೆ ಇಂಥ ಒಂದು ವಾಕ್ಯ ಬರಬೇಕು. ಔಷಧಿ ಬಿಟ್ಟಿದ್ದೀರಾ ಎಂದು ಕೇಳುವ ಮುಂಚೆ ‘ದಿನಾ ಮರೆಯದೆ ತಗೊಳ್ಳೋದು ಕಷ್ಟವೇ’ ಎನ್ನುವ ವೈದ್ಯರೂ ಇದನ್ನೇ ಮಾಡುತ್ತಾರೆ. ಆದರೆ ಆ ವಾಕ್ಯ ನಿಜವಾಗಿರಬೇಕು. ಕ್ಯೂಆರ್ ವಂಚನೆಗೆ ಬಲಿಯಾದವರು ಬಹಳ, ಆದ್ದರಿಂದ ಅಲ್ಲಿ ಹೇಳಬಹುದು. ಅಪರೂಪದ ಸಂಗತಿಗೆ ‘ಎಲ್ಲರಿಗೂ ಆಗುತ್ತೆ’ ಎಂದರೆ ಆಕೆಗೆ ಅದು ತೇಲಿಸಿದ ಮಾತು ಎಂದು ತಕ್ಷಣ ತಿಳಿಯುತ್ತದೆ.

ಗಡಿಬಿಡಿಯಲ್ಲಿರುವವರಿಗೆ ಮುಕ್ತ ಪ್ರಶ್ನೆ ಕಷ್ಟವೇ. ‘ಏನಾಯ್ತು ಹೇಳಿ’ ಎಂದರೆ ಕೆಲವರು ಹೊಲಿಗೆ ಯಂತ್ರ ಕೊಂಡ ವರ್ಷದಿಂದ ಶುರು ಮಾಡುತ್ತಾರೆ. ಆಗ ಎರಡು ಮೂರು ಆಯ್ಕೆಗಳನ್ನು ಮುಂದಿಡುವುದು ಒಳ್ಳೆಯ ಉಪಾಯ: ‘ಸಾಮಾನ್ಯವಾಗಿ ಇದು ಎರಡು ಥರ ಆಗುತ್ತೆ. ಕಳಿಸಿದವರ ಖಾತೆಯಲ್ಲಿ ಕಟ್ ಆಗಿ ನಿಮಗೆ ಬಂದಿರಲ್ಲ. ಇಲ್ಲಾಂದ್ರೆ ನಿಮ್ಮ ಖಾತೆಯಿಂದಲೇ ಹೋಗಿರುತ್ತೆ. ನಿಮ್ಮದು ಯಾವುದು ಇರಬಹುದು, ಅಥವಾ ಬೇರೇನಾದ್ರೂ?’ ಹೀಗೆ ಕೇಳಿದಾಗ ಅಸ್ಪಷ್ಟತೆಯ ಕಾರಣ ಸಂಗತಿಯ ಸ್ವಭಾವವೇ ಆಗುತ್ತದೆ, ಹೇಳಿದವರ ಅಜ್ಞಾನ ಆಗುವುದಿಲ್ಲ. ಕೊನೆಯ ‘ಬೇರೇನಾದ್ರೂ’ ಬಿಟ್ಟರೆ ಮಾತ್ರ ಇದು ಅಪಾಯ. ದಾಕ್ಷಿಣ್ಯದವರು ಕೊಟ್ಟ ಎರಡರಲ್ಲಿ ಹತ್ತಿರದ್ದನ್ನು ಆರಿಸಿ ಸುಮ್ಮನಾಗುತ್ತಾರೆ.

ಪ್ರಶ್ನೆಯಲ್ಲಿನ ಪದ ಉತ್ತರವನ್ನು ಹೇಗೆ ಎಳೆಯುತ್ತದೆ ಎಂಬುದಕ್ಕೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಕಾರುಗಳ ಅಪಘಾತದ ಚಲನಚಿತ್ರ ತುಣುಕುಗಳನ್ನು ತೋರಿಸಿ, ವೇಗ ಎಷ್ಟಿತ್ತು ಎಂದು ಕೇಳಿದರು. ಗುದ್ದಿದಾಗ ಎಂಬ ಅರ್ಥದ ಸಾಧಾರಣ ಕ್ರಿಯಾಪದ ಬಳಸಿದರೆ ಸರಾಸರಿ ಉತ್ತರ ಗಂಟೆಗೆ 34 ಮೈಲಿ. ಅಪ್ಪಳಿಸಿ ನುಚ್ಚುನೂರಾದಾಗ ಎಂಬ ಅರ್ಥದ ಪದ ಬಳಸಿದರೆ ಸುಮಾರು 41 ಮೈಲಿ. ನೋಡಿದ್ದು ಅದೇ ತುಣುಕುಗಳನ್ನು. ‘ವಂಚನೆ ಆದಾಗ ಎಷ್ಟು ಹೊತ್ತಾಗಿತ್ತು’ ಎಂದು ಸಿಬ್ಬಂದಿ ಮೊದಲೇ ಹೆಸರಿಟ್ಟುಬಿಟ್ಟರೆ, ಬರೀ ನೆಟ್‌ವರ್ಕ್ ತೊಂದರೆಯಲ್ಲಿ ಸಿಕ್ಕಿದ್ದ ಹಣಕ್ಕೂ ಒಬ್ಬ ಕಳ್ಳ ಹುಟ್ಟಿಕೊಳ್ಳುತ್ತಾನೆ. ಆದ್ದರಿಂದ ಹೆಸರಿಡುವುದು ಕೊನೆಗೆ, ಕಂಡದ್ದನ್ನು ಕೇಳುವುದು ಮೊದಲು.

ಪ್ರಶ್ನೆ ಹಳಿ ತಪ್ಪಿದೆ ಎಂದು ಕರೆಯ ಮಧ್ಯದಲ್ಲೇ ತಿಳಿಯಲು ಗುರುತುಗಳಿವೆ. ಉತ್ತರ ಗಿಡ್ಡವಾಗುತ್ತಾ ಹೋಗುವುದು ಒಂದು. ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳುವುದು ಇನ್ನೊಂದು. ‘ನಂಗೆ ಇದೆಲ್ಲಾ ಗೊತ್ತಾಗಲ್ಲ, ಮಗ ಬಂದ ಮೇಲೆ ಮಾಡಿಸ್ತೀನಿ’ ಎಂಬುದು ಅತಿ ಸ್ಪಷ್ಟವಾದ ಗುರುತು. ಆಕೆ ಹಣಕ್ಕಿಂತ ಮರ್ಯಾದೆ ಉಳಿಸಿಕೊಳ್ಳುವ ತೀರ್ಮಾನಕ್ಕೆ ಬಂದಿದ್ದಾರೆ. ಆಗ ಮುಂದಿನ ಪ್ರಶ್ನೆಗೆ ಹೋಗಬಾರದು, ಹಿಂದಕ್ಕೆ ಬರಬೇಕು. ‘ನಾನೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿಬಿಟ್ಟೆ. ಇಲ್ಲಿವರೆಗೆ ನೀವು ಹೇಳಿದ್ದು ಇಷ್ಟು...’ ಎಂದು ಆಕೆಯ ಮಾತನ್ನು ಆಕೆಯದೇ ಪದಗಳಲ್ಲಿ ಒಪ್ಪಿಸಿದರೆ, ಹೆಚ್ಚಿನವರು ಅಲ್ಲಿಂದ ತಾವೇ ಮುಂದುವರಿಸುತ್ತಾರೆ. ಆಕೆ ‘ಚೌಕ’ ಎಂದಿದ್ದರೆ ನೀವೂ ಚೌಕ ಎನ್ನಿ. ‘ಕ್ಯೂಆರ್ ಕೋಡಾ?’ ಎಂದು ತಿದ್ದುವ ಅಗತ್ಯ ಇಲ್ಲ.

ಅತಿಯಾದ ವಿನಯವೂ ಕೆಡಿಸುತ್ತದೆ. ‘ತಾವು ದಯಮಾಡಿ ತಮ್ಮ ವಹಿವಾಟಿನ ವಿವರಗಳನ್ನು ಒದಗಿಸುವಿರಾ’ ಎಂಬ ಸರ್ಕಾರಿ ಕಾಗದದ ಕನ್ನಡ ಕೇಳಿದ ಕೂಡಲೇ ಎದುರಿನವರು ಕಚೇರಿಯಲ್ಲಿ ನಿಂತ ಅರ್ಜಿದಾರರಾಗುತ್ತಾರೆ. ಧಾರವಾಡದ ಕಡೆಯವರಿಗೆ ‘ಏನಾತ್ರಿ ಅಕ್ಕಾರ, ಫೋನಿನ್ಯಾಗ ಏನ್ ಬಂತ್ರಿ’ ಎನ್ನುವುದರಲ್ಲಿ ಇರುವ ಗೌರವ ಆ ‘ತಾವು’ವಿನಲ್ಲಿ ಇಲ್ಲ. ಸಾಲುಸಾಲು ‘ಕ್ಷಮಿಸಿ’ಯೂ ಹಾಗೆಯೇ. ಮೂರನೇ ಕ್ಷಮೆಯ ಹೊತ್ತಿಗೆ, ಏನೋ ದೊಡ್ಡದೇ ಕೆಟ್ಟಿದೆ ಎಂಬ ಭಯ ಹುಟ್ಟುತ್ತದೆ. ವಂಚನೆ ಖಚಿತವಾದ ಮೇಲಂತೂ ಚಿಕ್ಕ ಚಿಕ್ಕ ನೇರ ವಾಕ್ಯಗಳೇ ದಯೆ: ‘ಈ ಖಾತೆ ನಾನು ತಡೆದಿದ್ದೀನಿ. ಯಜಮಾನರ ಬ್ಯಾಂಕಿಗೆ ಈಗಲೇ ಫೋನ್ ಮಾಡಿ. ಆಮೇಲೆ 1930. ಈ 12 ಅಂಕಿ ಬರ್ಕೊಳ್ಳಿ, ಅವರು ಕೇಳ್ತಾರೆ.’

ಬರವಣಿಗೆಯಲ್ಲಿ ಕೇಳುವಾಗ ದನಿಯ ಸಹಾಯ ಇರುವುದಿಲ್ಲವಾದ್ದರಿಂದ ಪದಗಳೇ ಎಲ್ಲ ಭಾರ ಹೊರಬೇಕು. ಆ್ಯಪ್‌ಗಳ ಚಾಟ್‌ನಲ್ಲಿ ‘ನಿಮ್ಮ ದೂರು ಅಪೂರ್ಣವಾಗಿದೆ. ಸರಿಯಾದ ಮಾಹಿತಿ ನೀಡಿ’ ಎಂಬ ಸಿದ್ಧ ಸಂದೇಶ ಕಾಣುತ್ತದೆ. ಅದರ ಜಾಗದಲ್ಲಿ ‘ನಿಮ್ಮ ದೂರು ತಲುಪಿದೆ. ಹಣ ಎಲ್ಲಿ ನಿಂತಿದೆ ಎಂದು ಹುಡುಕಲು ನಮಗೆ ಇನ್ನೆರಡು ವಿಷಯ ಬೇಕು: ಯಾವ ದಿನ, ಎಷ್ಟು ಮೊತ್ತ. ಸಂದೇಶದ ಸ್ಕ್ರೀನ್‌ಶಾಟ್ ಇದ್ದರೆ ಅದೊಂದೇ ಸಾಕು’ ಎಂದು ಬರೆಯಬಹುದು. ಮೊದಲು ತಲುಪಿದ್ದನ್ನು ಒಪ್ಪಿಕೊಳ್ಳುವುದು, ಆಮೇಲೆ ಬೇಕಾದದ್ದನ್ನು ಎಣಿಸಿ ಹೇಳುವುದು. ‘ಅಪೂರ್ಣ’, ‘ಸರಿಯಾದ’ ಎಂಬ ಪದಗಳನ್ನು ತೆಗೆದು ಓದಿ ನೋಡಿದರೆ ಅರ್ಥಕ್ಕೆ ಏನೂ ಕೊರತೆಯಾಗುವುದಿಲ್ಲ.

ಕೊನೆಯದಾಗಿ, ಗ್ರಾಹಕರ ಕಣ್ಣಿಗೆ ಬೀಳದ ಒಂದು ಜಾಗ. ಕರೆ ಮುಗಿದ ಮೇಲೆ ಸಿಬ್ಬಂದಿ ದೂರಿನ ಟಿಪ್ಪಣಿ ಬರೆಯುತ್ತಾರೆ. ಅಲ್ಲಿ ‘ಗ್ರಾಹಕರಿಗೆ ಸ್ಪಷ್ಟತೆ ಇಲ್ಲ, ಪಿನ್ ಹಾಕಿಲ್ಲ ಎನ್ನುತ್ತಾರೆ’ ಎಂದು ಬರೆದರೆ, ಮರುದಿನ ಆ ಕಡತ ತೆರೆಯುವ ಇನ್ನೊಬ್ಬರು ಅನುಮಾನದಿಂದಲೇ ಫೋನೆತ್ತುತ್ತಾರೆ, ಮತ್ತು ಮೊದಲ ಪ್ರಶ್ನೆಯೇ ‘ನಿಜ ಹೇಳಿ’ ಎಂಬ ದನಿಯಲ್ಲಿರುತ್ತದೆ. ಇಷ್ಟು ಬರೆದರೆ ಸಾಕು: ‘ಬೆಳಿಗ್ಗೆ 11.20, ರೂ. 4,500 ಈ ಖಾತೆಯಿಂದ. ಹೊಲಿಗೆ ಯಂತ್ರ ಕೊಳ್ಳುವುದಾಗಿ ಹೇಳಿದವರು ಕ್ಯೂಆರ್ ಕಳಿಸಿ, ಹಣ ಬರುತ್ತದೆಂದು ಎರಡು ಸಲ ಪಿನ್ ಒತ್ತಿಸಿದ್ದಾರೆ. ಎರಡನೆಯದು ರೂ. 9,000, ಪತಿಯ ಬೇರೆ ಬ್ಯಾಂಕಿನ ಖಾತೆ. 1930ಕ್ಕೆ ಕರೆ ಮಾಡಲು ತಿಳಿಸಿದೆ. ಪೂರ್ತಿ ವಿವರ ಹೇಳಿದ್ದಾರೆ, ಮತ್ತೆ ಕೇಳಬೇಕಾಗಿಲ್ಲ.’